ಕೆಂಪು ದೀಪ ಮತ್ತು ಬೀದಿಯ ಗುಂಡಿ

ಬೀದಿಯಲ್ಲಿ ಜೆಸಿಬಿ ಸದ್ದು ಕೇಳಿದ ದಿನವೇ ಮನೆಯ ಇಂಟರ್ನೆಟ್ ನಿಂತರೆ ಕಾರಣ ಊಹಿಸುವುದು ಸುಲಭ. ಕಷ್ಟವಾಗುವುದು ಬೇರೆ ದಿನಗಳಲ್ಲಿ. ಎಲ್ಲೂ ಅಗೆತವಿಲ್ಲ, ಮಳೆ ಗಾಳಿಯಿಲ್ಲ, ಬಿಲ್ ಕಟ್ಟಿದ್ದಾಗಿದೆ. ಆದರೂ ಲೈನ್ ಬರುವುದಿಲ್ಲ. ಆಗ ಬಹುತೇಕ ಮನೆಗಳಲ್ಲಿ ನಡೆಯುವುದು ಒಂದೇ. ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಮತ್ತೆ ಆಫ್ ಮಾಡುತ್ತಾರೆ. ಕೊನೆಗೆ ಯಾರೋ ಸೂಜಿ ತಂದು ಹಿಂಬದಿಯ ರೀಸೆಟ್ ತೂತಿಗೆ ಚುಚ್ಚುತ್ತಾರೆ. ಅಲ್ಲಿಗೆ ಕಂಪನಿಯವರು ಅದರೊಳಗೆ ತುಂಬಿಟ್ಟಿದ್ದ ಸೆಟ್ಟಿಂಗ್‌ಗಳೂ ಅಳಿಸಿಹೋಗಿ, ಬೀದಿಯಲ್ಲಿ ಇದ್ದ ಒಂದು ತೊಂದರೆಗೆ ಮನೆಯೊಳಗಿನ ಇನ್ನೊಂದು ಸೇರಿಕೊಳ್ಳುತ್ತದೆ. ನಾಳೆ ಲೈನ್‌ಮ್ಯಾನ್ ಬಂದು ಕೇಬಲ್ ಜೋಡಿಸಿದರೂ ಈ ಮನೆಗೆ ಮಾತ್ರ ಇಂಟರ್ನೆಟ್ ಬರುವುದಿಲ್ಲ.

ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ಎಂದು ತಿಳಿಯಲು ಸಲಕರಣೆ ಬೇಕಾಗಿಲ್ಲ. ಫೈಬರ್ ಬಂದಿರುವ ಮನೆಗಳಲ್ಲಿ ಆ ಸುದ್ದಿ ಗೋಡೆಗೆ ಹಾಕಿದ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಅದನ್ನು ಓದಬೇಕಾದರೆ ಆ ಪೆಟ್ಟಿಗೆಗೆ ಏನು ಬರುತ್ತಿದೆ, ಎಲ್ಲಿಂದ ಬರುತ್ತಿದೆ ಎಂಬುದನ್ನು ಒಮ್ಮೆ ನೋಡಿಬಿಡೋಣ.

ಕಂಪನಿಯ ಕಚೇರಿಯಲ್ಲೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೋ ಒಂದು ಯಂತ್ರವಿರುತ್ತದೆ. ಅದರ ಹೆಸರು ಒಎಲ್‌ಟಿ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಳಗೆ ಕಳಿಸುತ್ತದೆ. ಆ ಎಳೆಗೆ ಕೆಲಸದವರು ಕೋರ್ ಎನ್ನುತ್ತಾರೆ. ಕೋರ್ ರಸ್ತೆಯ ಕೆಳಗೋ ಕಂಬದ ಮೇಲೋ ಹಾದು ನಿಮ್ಮ ಬಡಾವಣೆಯ ಒಂದು ಡಬ್ಬಿಗೆ ಬರುತ್ತದೆ. ಅಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಗಾಜಿನ ಸಾಧನ ಒಂದು ಬೆಳಕನ್ನು ನಾಲ್ಕೋ ಎಂಟೋ ಪಾಲು ಮಾಡುತ್ತದೆ. ಮುಂದೆ ನಿಮ್ಮ ಕಂಬದ ಮೇಲೆ ಇನ್ನೊಂದು ಸ್ಪ್ಲಿಟರ್ ಇರಬಹುದು. ಅಲ್ಲಿಂದ ಹೊರಟ ತೆಳ್ಳನೆಯ ಕಪ್ಪು ವಯರು, ಅಂದರೆ ಡ್ರಾಪ್ ಕೇಬಲ್, ನಿಮ್ಮ ಕಿಟಕಿಯ ಪಕ್ಕ ಕೊರೆದ ತೂತಿನಿಂದ ಒಳಗೆ ಬರುತ್ತದೆ. ಸ್ಪ್ಲಿಟರ್‌ಗೆ ಕರೆಂಟು ಬೇಡ. ಹೀಗೆ ಒಂದೇ ಒಎಲ್‌ಟಿ ಬೆಳಕಿನಲ್ಲಿ ಸಾಮಾನ್ಯವಾಗಿ ಮೂವತ್ತೆರಡು, ಕೆಲವೊಮ್ಮೆ ಅರವತ್ತನಾಲ್ಕು ಮನೆಗಳು ಪಾಲುದಾರರು. ಈ ಪಾಲುದಾರಿಕೆಯನ್ನು ನೆನಪಿನಲ್ಲಿಡಿ. ಹೊರಗಿನ ತಪ್ಪು ಎಲ್ಲಿದೆ ಎಂದು ಊಹಿಸಲು ನೆರವಾಗುವುದು ಅದೇ.

ಮನೆಯೊಳಗಿನ ಪೆಟ್ಟಿಗೆಯನ್ನು ಒಎನ್‌ಟಿ ಅಥವಾ ಒಎನ್‌ಯು ಎನ್ನುತ್ತಾರೆ. ಜನ ಮೋಡೆಮ್ ಎಂದೂ ಕರೆಯುತ್ತಾರೆ. ಈಗಿನವುಗಳಲ್ಲಿ ವೈಫೈ ರೌಟರ್ ಕೂಡ ಅದರೊಳಗೇ ಇರುತ್ತದೆ. ಅದರ ಮೇಲಿನ ಸಾಲು ದೀಪಗಳಲ್ಲಿ ನಾವು ನೋಡಬೇಕಾದವು ಎರಡು: PON ಮತ್ತು LOS. ಎಲ್ಲ ಸರಿ ಇದ್ದಾಗ PON ಹಸಿರಾಗಿ ಮಿಟುಕದೆ ಉರಿಯುತ್ತಿರುತ್ತದೆ, LOS ಆರಿರುತ್ತದೆ. LOS ಕೆಂಪಾಗಿ ಉರಿದರೆ ಅಥವಾ ಮಿಟುಕಿದರೆ ಪೆಟ್ಟಿಗೆಗೆ ಬೆಳಕು ಬರುತ್ತಿಲ್ಲ, ಇಲ್ಲವೇ ಬಂದ ಬೆಳಕು ಓದಲಾಗದಷ್ಟು ಮಂದವಾಗಿದೆ ಎಂದರ್ಥ. ವೈಫೈ ಚಿಹ್ನೆ ಫೋನಿನಲ್ಲಿ ತುಂಬ ಕಡ್ಡಿ ತೋರಿಸುತ್ತಿರಬಹುದು; ಅದು ಫೋನಿಗೂ ಪೆಟ್ಟಿಗೆಗೂ ನಡುವಿನ ಮಾತು, ಬೀದಿಯ ಸುದ್ದಿ ಅದಕ್ಕೆ ಗೊತ್ತಿಲ್ಲ.

LOS ಆರಿದ್ದು, PON ಹಸಿರಾಗಿ ನಿಂತಿದ್ದು, ಇಂಟರ್ನೆಟ್ ಮಾತ್ರ ಇಲ್ಲ ಎಂದಾದರೆ ನಿಮ್ಮ ಮನೆಯಿಂದ ಒಎಲ್‌ಟಿವರೆಗಿನ ಕೇಬಲ್ ತುಂಡಾಗಿಲ್ಲ. ತೊಂದರೆ ಖಾತೆಯದ್ದು, ಪಾಸ್‌ವರ್ಡಿನದ್ದು, ಅಥವಾ ಎಕ್ಸ್‌ಚೇಂಜಿನ ಆಚೆ ಎಲ್ಲೋ ದೂರದ್ದು. ಇಂಥ ದಿನ ಲೈನ್‌ಮ್ಯಾನನ್ನು ಕಂಬ ಹತ್ತಿಸಿ ಪ್ರಯೋಜನವಿಲ್ಲ. LOS ಆರಿದ್ದು PON ಮಿಟುಕುತ್ತಲೇ ಇದ್ದರೆ, ಬೆಳಕು ಬರುತ್ತಿದೆ, ಆದರೆ ಪೆಟ್ಟಿಗೆ ಒಎಲ್‌ಟಿಯ ಪಟ್ಟಿಗೆ ಸೇರಿಕೊಳ್ಳಲು ಆಗುತ್ತಿಲ್ಲ. ಕಂಪನಿಯಲ್ಲಿ ನೋಂದಣಿ ತಪ್ಪಿದ್ದರೂ ಹೀಗಾಗುತ್ತದೆ, ಲೈನು ಅರೆಬರೆ ಕೆಟ್ಟಿದ್ದರೂ ಹೀಗಾಗುತ್ತದೆ.

ಕೆಂಪು ದೀಪ ಕಂಡ ಕೂಡಲೇ ತಪ್ಪನ್ನು ಬೀದಿಗೆ ಹೊರಿಸುವಂತಿಲ್ಲ. ಗೋಡೆಯ ಡಬ್ಬಿಯಿಂದ ಪೆಟ್ಟಿಗೆಗೆ ಬರುವ ಒಂದೆರಡು ಮೀಟರಿನ ಹಳದಿ ಅಥವಾ ಬಿಳಿ ವಯರಿಗೆ ಪ್ಯಾಚ್ ಕಾರ್ಡ್ ಎಂದು ಹೆಸರು. ಮನೆಯೊಳಗಿನ ತಪ್ಪುಗಳಲ್ಲಿ ಹೆಚ್ಚಿನವು ಇದರಲ್ಲೇ ಇರುತ್ತವೆ. ಕಪಾಟು ಸರಿಸಿದಾಗ ಅದರ ಹಿಂದೆ ಸಿಕ್ಕಿ ಮಡಚಿರಬಹುದು, ಕಸ ಗುಡಿಸುವಾಗ ಎಳೆದಿರಬಹುದು, ತುದಿಯ ಹಸಿರು ಕನೆಕ್ಟರ್ ಅರ್ಧ ಹೊರಬಂದಿರಬಹುದು. ಕನೆಕ್ಟರನ್ನು ಒತ್ತಿ ನೋಡಿ. ಸರಿಯಾಗಿ ಕೂತರೆ ಟಕ್ ಎಂಬ ಸದ್ದು ಬರುತ್ತದೆ. ವಯರು ಎಲ್ಲಾದರೂ ಮೂಲೆಯಲ್ಲಿ ಚೂಪಾಗಿ ಬಾಗಿದ್ದರೆ ಸಡಿಲ ಮಾಡಿ. ಗಾಜಿನ ಎಳೆ ತೀರ ಬಾಗಿದ ಕಡೆ ಬೆಳಕು ತಿರುಗದೆ ಗೋಡೆ ದಾಟಿ ಹೊರಗೆ ಸೋರಿಹೋಗುತ್ತದೆ. ಹಳೆಯ ಬಗೆಯ ಎಳೆಯನ್ನು ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಿಸಬಾರದು. ಮನೆಗಳಿಗಾಗಿಯೇ ಬಂದಿರುವ ಹೊಸ ಬಗೆ ಒಂದು ಸೆಂಟಿಮೀಟರಿನ ತನಕ ತಡೆಯುತ್ತದೆ. ಕನೆಕ್ಟರ್ ಬಿಚ್ಚಿ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತಿದೆಯೇ ಎಂದು ಮಾತ್ರ ನೋಡಬೇಡಿ. ಅದು ಕಣ್ಣಿಗೆ ಕಾಣುವ ಬೆಳಕಲ್ಲ, ಆದರೂ ಲೇಸರ್. ಫೋನಿನ ಕ್ಯಾಮೆರಾ ಹಿಡಿದರೂ ಉಪಯೋಗವಿಲ್ಲ. ಕೆಳಗಿಳಿದು ಬರುವ ಬೆಳಕಿನ ತರಂಗದುದ್ದ 1490 ನ್ಯಾನೋಮೀಟರ್. ಫೋನಿನ ಕ್ಯಾಮೆರಾ ಚಿಪ್ಪಿಗೆ ಅಷ್ಟು ದೂರದ ಅವಕೆಂಪು ಕಾಣುವುದೇ ಇಲ್ಲ. ತುದಿಯನ್ನು ಬೆರಳಲ್ಲಿ ಒರೆಸಿದರೆ ಬೆವರಿನ ಜಿಡ್ಡು ಅಂಟಿ ಇದ್ದ ಬೆಳಕೂ ಕಡಿಮೆಯಾಗುತ್ತದೆ.

ಪ್ಯಾಚ್ ಕಾರ್ಡ್ ಸರಿ ಇದೆ, ಕೆಂಪು ಆರಲಿಲ್ಲ ಅಂದರೆ ಮುಂದಿನ ಹೆಜ್ಜೆ ಪಕ್ಕದ ಮನೆಯ ಬಾಗಿಲು. ಅದೇ ಕಂಪನಿಯ ಸಂಪರ್ಕ ಇರುವ ಎರಡು ಮೂರು ಮನೆಗಳಲ್ಲಿ ಕೇಳಿ. ಅವರದೂ ಅದೇ ಹೊತ್ತಿಗೆ ನಿಂತಿದ್ದರೆ, ಅವರ ಪೆಟ್ಟಿಗೆಯಲ್ಲೂ ಕೆಂಪಿದ್ದರೆ, ತಪ್ಪು ನಿಮ್ಮ ಮನೆಯದ್ದಲ್ಲ ಎಂದು ಹೆಚ್ಚುಕಡಿಮೆ ಖಚಿತ. ನಿಮ್ಮದೊಂದೇ ನಿಂತಿದ್ದರೆ ಕಂಬದಿಂದ ನಿಮ್ಮ ಗೋಡೆಗೆ ಬರುವ ಡ್ರಾಪ್ ಕೇಬಲನ್ನು ಅನುಮಾನಿಸಬೇಕು. ಇದಕ್ಕೊಂದು ಮಿತಿಯಿದೆ. ಒಎಲ್‌ಟಿ ಇರುವ ಜಾಗದಲ್ಲಿ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ, ಒಂದೇ ಒಂದು ಕೇಬಲ್ ತುಂಡಾಗದೆ ಇಡೀ ಬಡಾವಣೆಯಲ್ಲಿ ಕೆಂಪು ಹತ್ತುತ್ತದೆ. ಸ್ಥಳೀಯ ಕೇಬಲ್‌ನವರು ಯಾರದೋ ಮಹಡಿಯಲ್ಲಿ ಯಂತ್ರ ಇಟ್ಟು ನಡೆಸುವ ಕಡೆ ಇದು ಅಪರೂಪವೇನಲ್ಲ. ಬೀದಿಗೆ ಕರೆಂಟು ಹೋಗಿ ಒಂದೆರಡು ಗಂಟೆಯ ಮೇಲೆ ಎಲ್ಲರ ಮನೆಯಲ್ಲೂ ಕೆಂಪು ಬಂದರೆ ಮೊದಲು ಅದನ್ನೇ ಕೇಳಿ.

ಒಂದು ಬೀದಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ಎಕ್ಸ್‌ಚೇಂಜಿನಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ಬಡಾವಣೆ. ಮುಖ್ಯರಸ್ತೆಯ ಮೂಲೆಯಲ್ಲಿ ಒಂದು ಡಬ್ಬಿ. ಅದರಲ್ಲಿ ಒಂದನ್ನು ನಾಲ್ಕು ಮಾಡುವ ಸ್ಪ್ಲಿಟರ್. ಆ ನಾಲ್ಕು ಎಳೆಗಳು ನಾಲ್ಕು ಕಂಬಗಳಿಗೆ ಹೋಗುತ್ತವೆ. ಪ್ರತಿ ಕಂಬದಲ್ಲೂ ಒಂದನ್ನು ಎಂಟು ಮಾಡುವ ಸ್ಪ್ಲಿಟರ್. ಒಟ್ಟು ಮೂವತ್ತೆರಡು ಮನೆ.

ಒಎಲ್‌ಟಿ ಬೆಳಕನ್ನು ಸುಮಾರು +3 ಡಿಬಿಎಂ ಬಲದಲ್ಲಿ ಕಳಿಸುತ್ತದೆ ಎಂದುಕೊಳ್ಳಿ. ಡಿಬಿಎಂ ಎಂದರೆ ಬೆಳಕಿನ ಬಲವನ್ನು ಅಳೆಯುವ ಅಂಕಿ. ಅದು ಮೂರು ಇಳಿದರೆ ಬೆಳಕು ಅರ್ಧವಾಯಿತು, ಹತ್ತು ಇಳಿದರೆ ಹತ್ತನೇ ಒಂದಾಯಿತು ಎಂದಷ್ಟು ಗೊತ್ತಿದ್ದರೆ ಸಾಕು. ನಾಲ್ಕು ಕಿಲೋಮೀಟರ್ ಗಾಜು ದಾಟುವುದರಲ್ಲಿ ಕಳೆಯುವುದು ಬರೀ 1. ಮೊದಲ ಸ್ಪ್ಲಿಟರ್‌ನಲ್ಲಿ 7, ಎರಡನೆಯದರಲ್ಲಿ ಹತ್ತೂವರೆ ಹೋಗುತ್ತದೆ. ದಾರಿಯ ಜೋಡಣೆ, ಕನೆಕ್ಟರುಗಳಿಗೆ ಒಂದು 2 ಬಿಡೋಣ. ಮನೆಗೆ ಬರುವಾಗ -17.5 ಉಳಿಯುತ್ತದೆ. ನಾಲ್ಕು ಕಿಲೋಮೀಟರ್ ದೂರಕ್ಕಿಂತ ಪಾಲು ಮಾಡುವುದರಲ್ಲೇ ಎಷ್ಟೋ ಹೆಚ್ಚು ಬೆಳಕು ಖರ್ಚಾಗುತ್ತದೆ ಎಂಬುದನ್ನು ಗಮನಿಸಿ. ಸಾಮಾನ್ಯ ಒಎನ್‌ಟಿಗಳು ಸುಮಾರು -27ರ ತನಕ ಓದಬಲ್ಲವು. ಅದಕ್ಕೂ ಕೆಳಗಿಳಿದರೆ ಕೆಂಪು ದೀಪ.

ಈ ಅಂಕಿಯನ್ನು ನೀವೇ ನೋಡಬಹುದು. ಹಲವು ಪೆಟ್ಟಿಗೆಗಳಲ್ಲಿ ಬ್ರೌಸರ್ ತೆರೆದು `192.168.1.1` ಎಂದು ಟೈಪಿಸಿ, ಪೆಟ್ಟಿಗೆಯ ಕೆಳಗೆ ಅಂಟಿಸಿರುವ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ Optical ಎಂಬ ಪುಟದಲ್ಲಿ Rx Power ಎಂದು ಇರುತ್ತದೆ. ಪುಟದ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಕೆಲವರು ಅದನ್ನು ಗ್ರಾಹಕರಿಗೆ ತೋರಿಸುವುದಿಲ್ಲ. ತೋರಿಸುವ ಮನೆಗಳವರು ಲೈನ್ ಚೆನ್ನಾಗಿರುವ ದಿನ ಅದನ್ನು ಓದಿ ಪೆಟ್ಟಿಗೆಯ ಮೇಲೆಯೇ ಬರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಟ್ಟ ದಿನದ ಅಂಕಿಗೆ ಅರ್ಥ ಬರುವುದು ಒಳ್ಳೆಯ ದಿನದ ಅಂಕಿಯ ಎದುರು ಇಟ್ಟಾಗ ಮಾತ್ರ.

ಈಗ ನಮ್ಮ ಬೀದಿಯಲ್ಲಿ ಚರಂಡಿ ಕೆಲಸ ಶುರುವಾಯಿತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಎರಡನೇ ಕಂಬದ ಎಂಟೂ ಮನೆಗಳಲ್ಲಿ ಒಟ್ಟಿಗೆ ಕೆಂಪು. ಮೊದಲನೇ, ಮೂರನೇ, ನಾಲ್ಕನೇ ಕಂಬದ ಮನೆಗಳಲ್ಲಿ ಎಲ್ಲ ಸರಿ. ಮುಖ್ಯರಸ್ತೆಯ ಡಬ್ಬಿಯವರೆಗೆ ಬೆಳಕು ಬರುತ್ತಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ, ಇಲ್ಲದಿದ್ದರೆ ಮೂವತ್ತೆರಡೂ ನಿಲ್ಲಬೇಕಿತ್ತು. ಎಂಟು ಮನೆಯ ಎಂಟು ಡ್ರಾಪ್ ಕೇಬಲ್ ಒಂದೇ ನಿಮಿಷಕ್ಕೆ ಕೆಡುವುದು ಸಾಧ್ಯವಿಲ್ಲ. ಉಳಿದದ್ದು ಡಬ್ಬಿಯಿಂದ ಎರಡನೇ ಕಂಬಕ್ಕೆ ಹೋಗುವ ಒಂದೇ ಎಳೆ. ಯಾವ ಯಂತ್ರವೂ ಇಲ್ಲದೆ, ಎರಡು ಮೂರು ಮನೆಯ ಬಾಗಿಲು ತಟ್ಟಿ, ನಾಲ್ಕು ಕಿಲೋಮೀಟರ್ ದಾರಿಯನ್ನು ಒಂದು ಇನ್ನೂರು ಮೀಟರಿಗೆ ಇಳಿಸಿದ ಹಾಗಾಯಿತು.

ಕಚೇರಿಯಲ್ಲಿ ಕೂತವರಿಗೂ ಇದು ಕಾಣುತ್ತದೆ. ಒಎನ್‌ಟಿಗೆ ಕರೆಂಟು ಹೋದಾಗ ಅದರೊಳಗಿನ ಪುಟ್ಟ ಕೆಪ್ಯಾಸಿಟರ್ ಉಳಿಸಿಕೊಂಡ ಅಷ್ಟಿಷ್ಟು ಶಕ್ತಿಯಲ್ಲಿ ಅದು ಒಎಲ್‌ಟಿಗೆ ಒಂದು ಕೊನೆಯ ಸಂದೇಶ ಕಳಿಸಿ ಆರುತ್ತದೆ. ಡೈಯಿಂಗ್ ಗ್ಯಾಸ್ಪ್ ಎಂದು ಅದರ ಹೆಸರು. ಕೇಬಲ್ ತುಂಡಾದಾಗ ಆ ಸಂದೇಶ ಬರಲು ದಾರಿಯೇ ಇರುವುದಿಲ್ಲ. ಒಎಲ್‌ಟಿಯ ಪರದೆಯಲ್ಲಿ ಎಂಟು ಮನೆಗಳು ಸುಮ್ಮನೆ ಕಾಣೆಯಾಗುತ್ತವೆ. ಎಂಟೂ ಸಂದೇಶ ಕೊಟ್ಟು ಹೋದರೆ ಬೀದಿಯ ಕರೆಂಟು ಹೋಗಿದೆ, ಏನೂ ಹೇಳದೆ ಹೋದರೆ ಕೇಬಲ್ ಹೋಗಿದೆ. ಆದ್ದರಿಂದ ಕೆಂಪು ಹತ್ತಿದ ಮೇಲೆ ಪೆಟ್ಟಿಗೆಯನ್ನು ಆಫ್ ಮಾಡದೆ ಬಿಡಿ. ಲೈನು ಜೋಡಿಸಿದ ಕೂಡಲೇ ನಿಮ್ಮ ಪೆಟ್ಟಿಗೆ ಮತ್ತೆ ಪಟ್ಟಿಗೆ ಸೇರಿತೋ ಇಲ್ಲವೋ ಎಂದು ಅವರು ಅಲ್ಲಿಂದಲೇ ನೋಡುತ್ತಾರೆ. ಆಫ್ ಆಗಿದ್ದರೆ ನಿಮ್ಮ ಮನೆ ಇನ್ನೂ ಕೆಟ್ಟಿದೆ ಎಂದೇ ಅವರಿಗೆ ಕಾಣುತ್ತದೆ.

ಲೈನ್‌ಮ್ಯಾನ್ ಬಂದು ಡಬ್ಬಿ ತೆರೆದು ಎರಡನೇ ಕಂಬದ ಎಳೆಗೆ ಒಟಿಡಿಆರ್ ಎಂಬ ಮೀಟರ್ ಸಿಕ್ಕಿಸುತ್ತಾನೆ. ಅದು ಎಳೆಯೊಳಗೆ ಬೆಳಕಿನ ಒಂದು ಚುಟುಕು ಮಿಂಚು ಬಿಟ್ಟು, ಹಿಂದಕ್ಕೆ ಪುಟಿದು ಬರುವ ಚೂರು ಬೆಳಕಿಗಾಗಿ ಕಾಯುತ್ತದೆ. ಗಾಜಿನೊಳಗೆ ಬೆಳಕು ಒಂದು ಮೀಟರ್ ಹೋಗಿಬರಲು ಸುಮಾರು ಹತ್ತು ನ್ಯಾನೋಸೆಕೆಂಡು ಬೇಕು. ಎಷ್ಟು ಹೊತ್ತಾಯಿತು ಎಂಬುದರಿಂದ ತುಂಡಾದ ಜಾಗ ಎಷ್ಟು ದೂರ ಎಂದು ಮೀಟರ್ ಹೇಳುತ್ತದೆ. ನಮ್ಮ ಬೀದಿಯಲ್ಲಿ ಅದು 212 ಮೀಟರ್ ತೋರಿಸಿತು ಎನ್ನಿ. ಅಳೆದುಕೊಂಡು ನಡೆದರೆ 212 ಮೀಟರಿನಲ್ಲಿ ಏನೂ ಇಲ್ಲ, ಕಂಬವೇ ದಾಟಿಹೋಗುತ್ತದೆ. ಮೀಟರ್ ಅಳೆಯುವುದು ಎಳೆಯ ಉದ್ದವನ್ನು, ನೆಲದ ಉದ್ದವನ್ನಲ್ಲ. ಮುಂದೆ ಬೇಕಾದೀತೆಂದು ಕಂಬದಲ್ಲೋ ಡಬ್ಬಿಯ ಹತ್ತಿರವೋ ಸುತ್ತಿ ಬಿಟ್ಟ ಕೇಬಲ್ ಲೂಪು ಮೂವತ್ತು ಮೀಟರ್ ಇದ್ದರೆ, ತುಂಡಾದ ಜಾಗ ನೆಲದ ಮೇಲೆ 180 ಮೀಟರಿನ ಆಸುಪಾಸು. ಅಲ್ಲಿಗೆ ಹೋಗಿ ನೋಡಿದರೆ ಚರಂಡಿಯ ಹೊಸ ಮಣ್ಣು. ಎಲ್ಲೆಲ್ಲಿ ಎಷ್ಟು ಲೂಪಿದೆ ಎಂದು ತಲೆಯಲ್ಲಿಟ್ಟುಕೊಂಡಿರುವ ಹಳೆಯ ಲೈನ್‌ಮ್ಯಾನ್ ಅರ್ಧ ಗಂಟೆಯಲ್ಲಿ ಹುಡುಕುವುದನ್ನು, ಹೊಸಬ ದುಬಾರಿ ಮೀಟರ್ ಹಿಡಿದೂ ಅರ್ಧ ದಿನ ಹುಡುಕುವುದು ಇದಕ್ಕೇ.

ಜೆಸಿಬಿ ಏಟಿನಲ್ಲಿ ಇನ್ನೊಂದು ಕೀಟಲೆಯಿದೆ. ಹಾರೆ ಗುದ್ದಲಿಯ ಏಟಿಗೆ ಕೇಬಲ್ ಏಟು ಬಿದ್ದಲ್ಲೇ ಕತ್ತರಿಸುತ್ತದೆ. ಜೆಸಿಬಿಯ ಬಕೆಟ್ ಹಾಗಲ್ಲ. ಅದು ಕೇಬಲನ್ನು ಕೊಕ್ಕೆ ಹಾಕಿ ಎಳೆಯುತ್ತದೆ. ಹೊರಗಿನ ಪ್ಲಾಸ್ಟಿಕ್ ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ. ಹಾಗಾಗಿ ಗುಂಡಿಯಲ್ಲಿ ಕೇಬಲ್ ಹರಿದು ಕಾಣುತ್ತಿದ್ದರೂ ಒಳಗಿನ ಎಳೆ ಅಲ್ಲಿಂದ ಹತ್ತಾರು ಮೀಟರ್ ದೂರದಲ್ಲಿ, ಹಿಂದಿನ ಜಾಯಿಂಟ್ ಡಬ್ಬಿಯ ಬಾಯಲ್ಲಿ, ಮುರಿದಿರಬಹುದು ಅಥವಾ ಬಿಗಿದು ನಿಂತಿರಬಹುದು. ಗುಂಡಿಯಲ್ಲಿ ಜೋಡಿಸಿ ಮಣ್ಣು ಮುಚ್ಚಿದ ಮೇಲೂ ಲೈನು ಬಾರದಿದ್ದರೆ, ಅಥವಾ ಬಂದು ವಾರದೊಳಗೆ ಮತ್ತೆ ಹೋದರೆ, ಈ ಎರಡನೆಯ ಗಾಯ ಉಳಿದಿದೆ ಎಂದು ಅನುಮಾನಿಸಬೇಕು. ಇದಕ್ಕಾಗಿಯೇ ಅನುಭವಸ್ಥರು ತುಂಡಾದ ಜಾಗದಿಂದ ಎರಡೂ ಕಡೆಗೆ ಮೀಟರ್ ಹಾಕಿ ನೋಡುತ್ತಾರೆ.

ದೊಡ್ಡ ರಸ್ತೆಯ ಕೇಬಲ್ ತುಂಡಾದರೆ ಸರಿಪಡಿಸಲು ಯಾಕೆ ಇಡೀ ದಿನ ಬೇಕು ಎಂದು ಜನ ಸಿಟ್ಟಾಗುತ್ತಾರೆ. ನಲವತ್ತೆಂಟು ಕೋರಿನ ಕೇಬಲ್ ಎಂದುಕೊಳ್ಳಿ. ತುಂಡಾದ ಎರಡು ತುದಿಗಳನ್ನು ನೇರ ಸೇರಿಸಲು ಉದ್ದ ಸಾಲುವುದಿಲ್ಲ. ನಡುವೆ ಹೊಸ ತುಂಡು ಹಾಕಬೇಕು. ಆಗ ಜಾಯಿಂಟ್ ಒಂದಲ್ಲ, ಎರಡು. ಒಟ್ಟು ತೊಂಬತ್ತಾರು ಎಳೆ ಜೋಡಿಸಬೇಕು. ಪ್ರತಿ ಎಳೆಯ ಮೇಲಿನ ಬಣ್ಣದ ಲೇಪ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿ ಎರಡು ತುದಿ ಎದುರುಬದುರು ಇಟ್ಟು ವಿದ್ಯುತ್ ಕಿಡಿಯಿಂದ ಗಾಜನ್ನು ಕರಗಿಸಿ ಬೆಸೆದು, ಮೇಲೊಂದು ಕೊಳವೆ ತೊಡಿಸಬೇಕು. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಹನ್ನೆರಡು ಬಣ್ಣಗಳ ಸರದಿ ತಪ್ಪಿದರೆ ಒಬ್ಬರ ಲೈನು ಇನ್ನೊಬ್ಬರಿಗೆ ಹೋಗುತ್ತದೆ. ಗುಂಡಿಯಲ್ಲಿ ಚರಂಡಿ ನೀರು ನಿಂತಿರುವಾಗ, ದೂಳು ಹಾರುವಾಗ ಈ ಕೆಲಸ ಮಾಡುವವರ ಕಷ್ಟ ದೊಡ್ಡದು. ನಿಮ್ಮ ಎಳೆ ಸರದಿಯಲ್ಲಿ ಕೊನೆಗಿದ್ದರೆ ಪಕ್ಕದ ಬೀದಿಗೆ ಮಧ್ಯಾಹ್ನವೇ ಬಂದು ನಿಮಗೆ ರಾತ್ರಿ ಬರುವುದೂ ಉಂಟು.

ಇದೆಲ್ಲ ಯಾಕಾಗುತ್ತದೆ ಎಂದರೆ, ಕೇಬಲ್ ಇರಬೇಕಾದ ಆಳದಲ್ಲಿ ಇರುವುದಿಲ್ಲ. ಬಿಎಸ್‌ಎನ್‌ಎಲ್ ತನ್ನ ದೂರದೂರಿನ ಒಎಫ್‌ಸಿ ಕೇಬಲುಗಳಿಗೆ ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳ ಎಂದು ಇಟ್ಟುಕೊಂಡ ಅಳತೆ ಆಳೆತ್ತರದ ಗುಂಡಿ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಅವಸರದಲ್ಲಿ ಹಾಕಿದ ಕೇಬಲುಗಳು ಒಂದೆರಡು ಅಡಿಯಲ್ಲೇ ಸಿಗುತ್ತವೆ. ಚರಂಡಿ, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲ ಅದೇ ಪಟ್ಟಿಯಲ್ಲಿ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತಿನ ಕೆಳಗೆ ಇಂಥ ಕೇಬಲುಗಳಿಗೆಂದೇ ಬೇರೆ ಕೊಳವೆ, ನಡುನಡುವೆ ತೆರೆಯುವ ಚೇಂಬರು ಮಾಡಿದರು. ಅಂಥ ರಸ್ತೆಗಳು ಊರಿನಲ್ಲಿ ಕೆಲವೇ. ಉಳಿದ ಕಡೆ ಮರದ ಕೊಂಬೆ, ದೀಪದ ಕಂಬ, ಮನೆಯ ಮಹಡಿ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿತು. ಅಗೆಯುವವರು ಜಾಗವನ್ನು ಮೊದಲೇ ಅದರಲ್ಲಿ ಗುರುತಿಸಿದರೆ ಅಲ್ಲಿ ಕೇಬಲು, ಪೈಪು ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಅಜಾಗರೂಕ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಸರ್ಕಾರವೇ ಆಗ ಹೇಳಿತ್ತು. ಏರ್ಪಾಟು ಒಳ್ಳೆಯದು, ಗುತ್ತಿಗೆದಾರ ಗುರುತಿಸಬೇಕು, ಕಂಪನಿಯ ನಕ್ಷೆಯಲ್ಲಿ ಕೇಬಲ್ ನಿಜವಾಗಿ ಇರುವ ಕಡೆಯೇ ಇರಬೇಕು, ಆಗ ಅದು ಕೆಲಸ ಮಾಡುತ್ತದೆ.

ಇಲಿ, ಹೆಗ್ಗಣ, ಅಳಿಲುಗಳು ಮಾಡುವ ಹಾನಿಯ ಚಹರೆ ಬೇರೆ. ದಂಶಕಗಳ ಮುಂದಿನ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಉಣ್ಣಲಾಗದಷ್ಟು ಉದ್ದವಾಗುತ್ತದೆ. ಕೇಬಲ್ಲು ಅವುಗಳಿಗೆ ತಿನಿಸಲ್ಲ, ಬಾಯಿಗೆ ಹಿಡಿಯುವಷ್ಟು ದಪ್ಪದ, ಅಷ್ಟೇ ಗಟ್ಟಿಯ ಒಂದು ಕೊಂಬೆ. ಹೆಗ್ಗಣ ನೆಲದ ಕೊಳವೆ, ಚೇಂಬರುಗಳಲ್ಲಿ ಓಡಾಡುತ್ತ ಕಡಿಯುತ್ತದೆ. ಅಳಿಲು ಮರದಿಂದ ಮಹಡಿಗೆ ಹೋಗುವ ಡ್ರಾಪ್ ಕೇಬಲನ್ನು, ಅದರಲ್ಲೂ ಕೊಂಬೆಗೆ ತಾಗಿದ ಕಡೆ, ಕಡಿಯುತ್ತದೆ. ಅಮೆರಿಕದ ಲೆವೆಲ್ 3 ಎಂಬ ಕಂಪನಿ 2011ರಲ್ಲಿ, ಆ ವರ್ಷ ತನ್ನ ಕೇಬಲ್ ಹಾನಿಗಳಲ್ಲಿ ಶೇ 17 ಅಳಿಲುಗಳಿಂದಲೇ ಆದದ್ದು ಎಂದು ಹೇಳಿಕೊಂಡಿತ್ತು. ಅಲ್ಲಿಯ ಅಳಿಲುಗಳು ನಮ್ಮ ಮೂರು ಗೆರೆಯ ಅಳಿಲಿಗಿಂತ ದೊಡ್ಡವು, ಅಭ್ಯಾಸ ಮಾತ್ರ ಒಂದೇ.

ಜೆಸಿಬಿ ಒಂದು ಕ್ಷಣದಲ್ಲಿ ಮುಗಿಸುತ್ತದೆ. ಹಲ್ಲಿನ ಕೆಲಸಕ್ಕೆ ದಿನಗಳು ಹಿಡಿಯಬಹುದು. ಮೊದಲು ಹೊರ ಪ್ಲಾಸ್ಟಿಕ್ ಹೋಗುತ್ತದೆ, ಎಳೆ ಇನ್ನೂ ಮುರಿದಿರುವುದಿಲ್ಲ. ಆ ಬಾಯಿಂದ ನೀರು ಇಳಿಯುತ್ತದೆ. ಗಾಳಿಗೆ ಕೇಬಲ್ ತೂಗಿದಾಗ ಎಳೆ ಅಲ್ಲೇ ಬಾಗುತ್ತದೆ. ಈ ಹಂತದಲ್ಲಿ ಮನೆಯೊಳಗೆ ಕಾಣುವುದು ಪೂರ್ತಿ ನಿಂತ ಲೈನಲ್ಲ, ಬಂದು ಹೋಗುವ ಲೈನು. ಗಾಳಿ ಬಂದಾಗ ಹೋಗುತ್ತದೆ, ನಿಂತಾಗ ಬರುತ್ತದೆ. ಮಾತಾಡುತ್ತಿರುವ ವಿಡಿಯೊ ಕರೆ ತುಂಡಾಗಿ ಎರಡು ನಿಮಿಷದಲ್ಲಿ ತಾನಾಗಿ ಸರಿಹೋಗುತ್ತದೆ. ಲೈನ್‌ಮ್ಯಾನ್ ಬಂದಾಗ ಎಲ್ಲ ಹಸಿರು, ಹೋದ ಮೇಲೆ ಕೆಂಪು. ಇಂಥ ಮನೆಯವರ ದೂರನ್ನು ಕಂಪನಿಯವರು ವೈಫೈ ದೋಷವೆಂದು ಬರೆದುಕೊಂಡು ಮುಚ್ಚಿಬಿಡುವ ಅಪಾಯ ಹೆಚ್ಚು.

ಬರೆದಿಟ್ಟ ಅಂಕಿ ನೆರವಿಗೆ ಬರುವುದು ಇಲ್ಲೇ. ಮೊದಲು -17.5 ಇದ್ದ ಮನೆಯಲ್ಲಿ ಈಗ -26 ಎಂದರೆ ಬೆಳಕು ಏಳನೇ ಒಂದಕ್ಕೆ ಇಳಿದಿದೆ. ಪೆಟ್ಟಿಗೆ ಇನ್ನೂ ಓದುತ್ತಿದೆ, ಹಸಿರೇ ತೋರುತ್ತಿದೆ, ಇನ್ನೊಂದಿಷ್ಟು ಗಾಳಿ ಬಂದರೆ -27 ದಾಟುತ್ತದೆ. ವೈಫೈ ಎಷ್ಟೇ ಕೆಟ್ಟಿದ್ದರೂ ಈ ಅಂಕಿ ಬದಲಾಗುವುದಿಲ್ಲ, ಆದ್ದರಿಂದ ವೈಫೈ ಎಂದು ಯಾರೂ ಹೇಳುವಂತಿಲ್ಲ. ಇದೇ ಹೊತ್ತಿಗೆ ಪಕ್ಕದ ಮನೆಯ ಅಂಕಿ ಮೊದಲಿನಂತೆಯೇ ಇದ್ದರೆ ಗಾಯ ನಿಮ್ಮ ಡ್ರಾಪ್ ಕೇಬಲಿನಲ್ಲೋ ಮನೆಯೊಳಗಿನ ವಯರಿನಲ್ಲೋ ಇದೆ. ಕಂಬದ ಎಂಟು ಮನೆಗೂ ಇಳಿದಿದ್ದರೆ ಅದಕ್ಕಿಂತ ಹಿಂದೆ ಇದೆ. ಮಹಡಿಗೆ ಹೋಗಿ ಕೈಗೆ ಸಿಗುವಷ್ಟು ಉದ್ದ ಕೇಬಲನ್ನು ಕಣ್ಣಿನಲ್ಲೇ ಪರೀಕ್ಷಿಸಬಹುದು: ಜೋಡಿ ಹಲ್ಲಿನ ಸಣ್ಣ ಗೀರುಗಳು, ಕಪ್ಪು ಪ್ಲಾಸ್ಟಿಕಿನ ಪುಡಿ, ಒಳಗಿನ ಬಿಳಿ ಕಡ್ಡಿ ಇಣುಕುವ ಜಾಗ. ವಿದ್ಯುತ್ ಕಂಬದ ಹತ್ತಿರ ಹೋಗುವುದು, ತೂಗುವ ಕೇಬಲ್ ಎಳೆಯುವುದು ಬೇಡ. ಆ ಕೇಬಲಿನ ತೂಗುತಂತಿ ಕರೆಂಟಿನ ತಂತಿಗೆ ತಾಗಿರಬಹುದು. ಲೈನ್‌ಮ್ಯಾನ್ ಕೆಂಪು ಲೇಸರ್ ಪೆನ್ನು ಹಚ್ಚಿದರೆ ಎಳೆ ಮುರಿದ ಅಥವಾ ಸೋರುವ ಕಡೆ ಪ್ಲಾಸ್ಟಿಕ್ ತೆಳುವಾಗಿದ್ದಲ್ಲಿ ಕೆಂಪಾಗಿ ಹೊಳೆಯುತ್ತದೆ. ಕತ್ತಲಾದ ಮೇಲೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಇನ್ನೂ ತಾಮ್ರದ ಹಳೆ ಟೆಲಿಫೋನ್ ಲೈನು ಉಳಿಸಿಕೊಂಡ ಮನೆಗಳಿಗೆ ಒಂದು ಮಾತು. ಅಲ್ಲಿ ಕೆಂಪು ದೀಪವಿಲ್ಲ, ಕಿವಿಯೇ ಮೀಟರು. ಮಳೆ ಬಿದ್ದ ಮರುದಿನ ಡಯಲ್ ಟೋನಿನ ಜೊತೆ ಕರಕರ ಕೇಳಿದರೆ ಹೊರಗಿನ ಜಾಯಿಂಟಿಗೆ ನೀರು ಹೊಕ್ಕಿದೆ. ಮನೆಯೊಳಗಿನ ಎಲ್ಲ ಫೋನು ಬಿಚ್ಚಿ, ಲೈನು ಒಳಬರುವ ಮೊದಲ ಡಬ್ಬಿಗೇ ಒಂದು ಚೆನ್ನಾಗಿರುವ ಫೋನು ಹಚ್ಚಿದಾಗಲೂ ಅದೇ ಸದ್ದು ಬಂದರೆ ತಪ್ಪು ಹೊರಗಿನದೇ.

ದೂರು ಕೊಡುವಾಗ 'ನೆಟ್ ಬರುತ್ತಿಲ್ಲ' ಎಂದರೆ ಅದು ನೂರು ದೂರುಗಳ ಸಾಲಿನಲ್ಲಿ ನಿಲ್ಲುತ್ತದೆ. 'ಬೆಳಗ್ಗೆ ಹನ್ನೊಂದರಿಂದ LOS ಕೆಂಪು, ಪ್ಯಾಚ್ ಕಾರ್ಡ್ ನೋಡಿದ್ದೇವೆ, ಇದೇ ಕಂಬದ ಇನ್ನೂ ಮೂರು ಮನೆಗಳಲ್ಲಿ ಹೀಗೇ ಇದೆ, ಮುಂದಿನ ಕಂಬದವರಿಗೆ ಬರುತ್ತಿದೆ, ಮೂಲೆಯಲ್ಲಿ ಚರಂಡಿ ಅಗೆಯುತ್ತಿದ್ದಾರೆ' ಎಂದು ಹೇಳಿ, ಮೂರೂ ಮನೆಯವರು ತಮ್ಮ ತಮ್ಮ ಹೆಸರಲ್ಲಿ ದೂರು ದಾಖಲಿಸಿ ದೂರಿನ ಸಂಖ್ಯೆ ಬರೆದುಕೊಳ್ಳಬೇಕು. ಒಂದೇ ದೂರು ಬಂದರೆ ಅದನ್ನು ಮನೆಯ ತೊಂದರೆಯೆಂದು ಒಬ್ಬನನ್ನು ಪೆಟ್ಟಿಗೆ ನೋಡಲು ಕಳಿಸುತ್ತಾರೆ. ನಾಲ್ಕು ಬಂದರೆ ಕೇಬಲಿನ ತಂಡವನ್ನು ಕಳಿಸಲು ಕಾರಣ ಸಿಗುತ್ತದೆ. ಗುಂಡಿ ಇನ್ನೂ ತೆರೆದಿರುವಾಗಲೇ ಫೋಟೊ ತೆಗೆದಿಡಿ. ಸಂಜೆಗೆ ಮಣ್ಣು ಮುಚ್ಚಿದರೆ ತುಂಡಾದ ಜಾಗ ಹುಡುಕಲು ಮತ್ತೆ ಅಗೆಯಬೇಕಾಗುತ್ತದೆ.

ಲೈನು ಬಂದ ಮೇಲೆ ಕೆಲಸ ಮುಗಿದಿಲ್ಲ. ಲೈನ್‌ಮ್ಯಾನ್ ಇರುವಾಗಲೇ ಅಂಕಿ ಓದಿ. ಚೆನ್ನಾಗಿ ಬೆಸೆದ ಒಂದು ಜಾಯಿಂಟಿನಲ್ಲಿ ಕಳೆಯುವುದು 0.1ಕ್ಕಿಂತ ಹೆಚ್ಚಿರಬಾರದು, ಎರಡು ಜಾಯಿಂಟು ಸೇರಿದರೂ ನಿಮ್ಮ -17.5 ಅಂಕಿ -18ರ ಒಳಗೇ ಇರಬೇಕು. ಅದು -23 ಆಗಿದ್ದರೆ ದೀಪ ಹಸಿರಾಗಿರುತ್ತದೆ, ಇಂಟರ್ನೆಟ್ಟೂ ಓಡುತ್ತದೆ, ಆದರೆ ಜಾಯಿಂಟ್ ಕೆಟ್ಟದಾಗಿದೆ ಅಥವಾ ಡಬ್ಬಿಯೊಳಗೆ ಎಳೆ ಚೂಪಾಗಿ ಬಾಗಿ ಕೂತಿದೆ. ಆಗಲೇ ಬಿಚ್ಚಿ ಮತ್ತೆ ಬೆಸೆಯಲು ಹೇಳಬೇಕು. ಮೆಷಿನ್ನು ಅಲ್ಲೇ ಇರುತ್ತದೆ, ಐದು ಹತ್ತು ನಿಮಿಷದ ಕೆಲಸ. ಅಳಿಲು ಕಡಿದ ಡ್ರಾಪ್ ಕೇಬಲ್ ಆದರೆ ನಡುವೆ ಜಾಯಿಂಟ್ ಹಾಕಿ ಟೇಪು ಸುತ್ತುವುದಕ್ಕೆ ಒಪ್ಪದೆ, ಕಂಬದಿಂದ ಗೋಡೆಯವರೆಗೆ ಹೊಸ ಕೇಬಲನ್ನೇ ಕೇಳಿ. ಕಡಿದ ಕೊಂಬೆಯ ಹತ್ತಿರ ಅದೇ ದಾರಿಯಲ್ಲಿ ಕಟ್ಟಿದರೆ ಅಳಿಲು ಅದನ್ನೂ ಕಡಿಯುತ್ತದೆ. ಮರಕ್ಕೆ ತಾಗದಂತೆ ಬೇರೆ ದಾರಿ ಹಿಡಿಸಿ, ಆಗದಿದ್ದರೆ ಆ ಹತ್ತಡಿ ಉದ್ದಕ್ಕೆ ಜಿಐ ಪೈಪು ತೊಡಿಸಲು ಹೇಳಿ. ನೆಲದ ಕೊಳವೆಯೊಳಗೆ ಹೋಗುವ ಕೇಬಲಾದರೆ ಸುತ್ತ ಉಕ್ಕಿನ ಪಟ್ಟಿ ಇರುವ ಆರ್ಮರ್ಡ್ ಕೇಬಲ್ ಹಾಕಿಸಿ, ಕೊಳವೆಯ ಎರಡೂ ಬಾಯಿ ಮುಚ್ಚಿಸಬೇಕು. ಮುಚ್ಚದೆ ಬಿಟ್ಟ ಬಾಯಿಂದಲೇ ಹೆಗ್ಗಣ ಒಳಗೆ ಹೋಗುತ್ತದೆ.